ಪ್ರಾಜೆಕ್ಟ್ ಮುಗಿದ ಮೇಲೆ ತಿಂಗಳ ರಿಟೇನರ್: ಮಿತಿ ಹಾಕಿ ಪ್ಯಾಕೇಜ್ ಕಟ್ಟುವ ಕ್ರಮ

ವೆಬ್‌ಸೈಟ್ ಮಾಡಿ ಕೊಟ್ಟಾಯಿತು, ಕೊನೆಯ ಕಂತಿನ ದುಡ್ಡೂ ಬಂತು. ಆಮೇಲೆ ಕ್ಲೈಂಟ್‌ಗೆ "ತಿಂಗಳಿಗೆ ಇಷ್ಟು ಕೊಡಿ, ಎಲ್ಲಾ ನಾನೇ ನೋಡ್ಕೊಳ್ತೀನಿ" ಅಂತ ಒಂದು ಮಾತು ಹಾಕುತ್ತೀರಿ. ಹೀಗೆ ತಿಂಗಳಿಗಿಷ್ಟು ಅಂತ ಶುಲ್ಕ ಪಡೆದು ಕೆಲಸ ನೋಡಿಕೊಳ್ಳುವ ಒಪ್ಪಂದವೇ ರಿಟೇನರ್. ಮುಂದೆ ಸಾಮಾನ್ಯವಾಗಿ ಎರಡರಲ್ಲಿ ಒಂದಾಗುತ್ತದೆ. ಕ್ಲೈಂಟ್ "ಬೇಕಾದಾಗ ಹೇಳ್ತೀನಿ ಬಿಡಿ" ಅಂದು ಸುಮ್ಮನಾಗುತ್ತಾರೆ. ಇಲ್ಲವೇ ಒಪ್ಪಿಕೊಂಡು, ಮೂರನೇ ತಿಂಗಳಿಗೆ ಒಂದು ಹೊಸ ಪ್ರಾಜೆಕ್ಟಿನಷ್ಟು ಕೆಲಸವನ್ನು ಅದೇ ದುಡ್ಡಿನಲ್ಲಿ ಕೇಳುತ್ತಾರೆ. ಎರಡಕ್ಕೂ ಕಾರಣ ಒಂದೇ. "ನೋಡ್ಕೊಳ್ಳೋದು" ಅಂದರೆ ಏನೇನು ಅಂತ ಯಾರೂ ಬರೆದಿಟ್ಟಿಲ್ಲ.

ಒಬ್ಬರೇ ಅಥವಾ ಇಬ್ಬರು ಮೂವರು ಸೇರಿ ವೆಬ್‌ಸೈಟ್ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಒಂದು ಹಲ್ಲಿನ ಕ್ಲಿನಿಕ್‌ಗೆ ನೀವು ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿ ಕೊಟ್ಟಿದ್ದೀರಿ. ಅದರಲ್ಲಿ ಹತ್ತು ಪುಟ ಮತ್ತು ಒಂದು ಸಂಪರ್ಕ ಫಾರ್ಮ್ ಇದೆ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಹಳೆಯ ಕ್ಲೈಂಟ್‌ಗಳ ಮೆಸೇಜ್ ಮತ್ತು ಮೇಲ್‌ಗಳು, ಒಂದು ಸ್ಪ್ರೆಡ್‌ಶೀಟ್, ಸಮಯ ಬರೆದಿಡಲು ಒಂದು ಟೈಮರ್, ಕೋರಿಕೆಗಳಿಗೆಂದೇ ಒಂದು ಮೇಲ್ ವಿಳಾಸ. ಇಷ್ಟು ಸಾಕು. ದೊಡ್ಡ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಈಗ ಬೇಡ. ಕ್ಲೈಂಟ್ ಅದರೊಳಗೆ ಲಾಗಿನ್ ಆಗುವುದೇ ಇಲ್ಲ, ಫೋನ್ ಮಾಡುತ್ತಾರೆ.

## ಹಂತ 1: ಡೆಲಿವರಿ ಆದ ಮೇಲೆ ಬಂದ ಮೆಸೇಜ್‌ಗಳನ್ನು ಎಣಿಸಿ

ಹೆಚ್ಚಿನವರು ಶುರು ಮಾಡುವುದೇ ಬೆಲೆಯಿಂದ. ಅದು ತಪ್ಪು ಕ್ರಮ. ಮೊದಲು ನೋಡಬೇಕಾದದ್ದು, ಸೈಟ್ ಕೊಟ್ಟ ಮೇಲೆ ಆ ಕ್ಲೈಂಟ್ ಏನೇನು ಕೇಳಿದ್ದಾರೆ ಎಂಬುದನ್ನು. ಮೂರು ನಾಲ್ಕು ತಿಂಗಳ ಮೆಸೇಜ್‌ಗಳನ್ನು ತೆರೆದು, ಒಂದೊಂದನ್ನೂ ಸ್ಪ್ರೆಡ್‌ಶೀಟ್‌ನ ಒಂದು ಸಾಲಿಗೆ ಹಾಕಿ. ಏನು ಕೇಳಿದರು, ಎಷ್ಟು ಹೊತ್ತು ಹಿಡಿಯಿತು, ಇಷ್ಟೇ ಬರೆಯಿರಿ. ಈ ಕ್ಲೈಂಟ್ ಹೊಸಬರಾದರೆ ಅದೇ ಬಗೆಯ ಇನ್ನೊಬ್ಬ ಕ್ಲೈಂಟ್‌ನ ಮೆಸೇಜ್‌ಗಳು ನಡೆಯುತ್ತವೆ.

ನಮ್ಮ ಕ್ಲಿನಿಕ್‌ನಿಂದ ನಾಲ್ಕು ತಿಂಗಳಲ್ಲಿ 30 ಮೆಸೇಜ್ ಬಂದಿವೆ ಅಂತಿಟ್ಟುಕೊಳ್ಳಿ. 12 ಮೆಸೇಜ್ ರಜೆ ಮತ್ತು ಸಮಯ ಬದಲಾವಣೆಯವು, ತಲಾ ಹತ್ತು ನಿಮಿಷ. 7 ಮೆಸೇಜ್ ಬರಹ, ಫೋಟೋ ಬದಲಾಯಿಸಲು, ತಲಾ ಅರ್ಧ ಗಂಟೆ. 4 ಮೆಸೇಜ್ "ಇದನ್ನ ಹೇಗೆ ಮಾಡೋದು?" ಅನ್ನುವಂಥವು, ತಲಾ ಕಾಲು ಗಂಟೆ. 5 ಮೆಸೇಜ್ ಏನೋ ಕೆಟ್ಟಿದೆ ಅಂತ, ತಲಾ ಒಂದು ಗಂಟೆ. ಉಳಿದ ಎರಡು? ಒಂದು, ಆನ್‌ಲೈನ್‌ನಲ್ಲಿ ಅಪಾಯಿಂಟ್‌ಮೆಂಟ್ ಕೊಡುವ ವ್ಯವಸ್ಥೆ. ಇನ್ನೊಂದು, ಹೊಸ ಶಾಖೆಗೆ ಪ್ರತ್ಯೇಕ ಪುಟಗಳು.

ಮೊದಲ 28 ಮೆಸೇಜ್ ಸೇರಿ ಹನ್ನೊಂದೂವರೆ ಗಂಟೆ, ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 3 ಗಂಟೆ. ಕೊನೆಯ ಎರಡೇ ಎರಡು ಮೆಸೇಜ್ 30 ಗಂಟೆ ಮೀರಬಹುದು. ರಿಟೇನರ್ ಮುಳುಗುವುದು ಈ ಎರಡರಿಂದ, ಆ 28ರಿಂದಲ್ಲ. ಆದರೆ ನಮಗೆ ಸಿಟ್ಟು ಬರುವುದು ಮಾತ್ರ ರಜೆಯ ಬೋರ್ಡ್ ಹಾಕಿ ಅನ್ನುವ ಹತ್ತು ನಿಮಿಷದ ಮೆಸೇಜ್‌ಗಳ ಮೇಲೆ!

ಎಚ್ಚರಿಕೆಯ ಗುರುತು: ನಾಲ್ಕು ತಿಂಗಳಲ್ಲಿ ಬಂದದ್ದು ಎರಡೋ ಮೂರೋ ಮೆಸೇಜ್ ಮಾತ್ರವಾದರೆ, ಆ ಕ್ಲೈಂಟ್‌ಗೆ ಬದಲಾವಣೆ ಗಂಟೆಗಳ ಪ್ಯಾಕೇಜ್ ಮಾರಲು ಹೋಗಬೇಡಿ. ಮುಂದಿನ ಹಂತದಲ್ಲಿ ಹೇಳುವ ಕಾವಲು ಕೆಲಸ ಒಂದನ್ನೇ ಕೊಡಿ.

## ಹಂತ 2: ಕೆಲಸವನ್ನು ಮೂರು ಗುಂಪು ಮಾಡಿ

ಇಡೀ ಪ್ಯಾಕೇಜ್ ನಿಲ್ಲುವುದು ಈ ವಿಂಗಡಣೆಯ ಮೇಲೆ. ನಾನು ಇವನ್ನು ಕಾವಲು ಕೆಲಸ, ಬದಲಾವಣೆ ಕೆಲಸ, ಹೊಸ ಕೆಲಸ ಅಂತ ಕರೆಯುತ್ತೇನೆ.

ಕಾವಲು ಕೆಲಸ ಎಂದರೆ ಕ್ಲೈಂಟ್ ಕೇಳಲಿ ಬಿಡಲಿ, ತಿಂಗಳು ತಿಂಗಳು ಆಗಲೇಬೇಕಾದದ್ದು. ವರ್ಡ್‌ಪ್ರೆಸ್‌ನ ಸಣ್ಣ ಭದ್ರತಾ ಅಪ್‌ಡೇಟ್‌ಗಳು 2013ರ 3.7 ಆವೃತ್ತಿಯಿಂದ ತಾವಾಗಿಯೇ ಬರುತ್ತವೆ. ಹಾಗಾಗಿ "ಅಪ್‌ಡೇಟ್ ಅದೇ ಆಗುತ್ತಲ್ಲ" ಅಂತ ಕ್ಲೈಂಟ್ ಹೇಳಬಹುದು. ಆದರೆ ಪ್ಲಗಿನ್, ಥೀಮ್ ಮತ್ತು ದೊಡ್ಡ ಆವೃತ್ತಿಗಳನ್ನು ಯಾರಾದರೂ ನೋಡಿಯೇ ಹಾಕಬೇಕು. ಮೊದಲು ಬ್ಯಾಕಪ್ ತೆಗೆದು, ಸೈಟ್‌ನ ಒಂದು ನಕಲಿನ ಮೇಲೆ ಪ್ರಯತ್ನಿಸಿ, ಏನೂ ಕೆಡಲಿಲ್ಲ ಅಂತಾದ ಮೇಲೆ ನಿಜವಾದ ಸೈಟ್‌ಗೆ ಹಾಕಬೇಕು.

ಬ್ಯಾಕಪ್ ಇದೆ ಅಂದುಕೊಳ್ಳುವುದೂ ಸಾಲದು. ಸೈಟ್ ಇರುವ ಸರ್ವರ್‌ನಲ್ಲೇ ಬ್ಯಾಕಪ್ ಕೂತಿದ್ದರೆ, ಸರ್ವರ್ ಹೋದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಬೇರೆ ಜಾಗದಲ್ಲಿಡಿ, ಆಗಾಗ ಅದನ್ನು ಬಿಚ್ಚಿ ನಿಜವಾಗಿ ಸೈಟ್ ಮೇಲೇಳುತ್ತದಾ ಅಂತ ನೋಡಿ. ಇನ್ನೊಂದು ಕಣ್ಣಿಗೆ ಬೀಳದ ವಿಷಯ ಭದ್ರತಾ ಸರ್ಟಿಫಿಕೇಟ್. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್‌ಗಳು ಸಾಮಾನ್ಯವಾಗಿ 90 ದಿನದವು. ತಾವಾಗಿ ನವೀಕರಣ ಆಗುತ್ತವೆ ನಿಜ, ಆದರೆ ಡಿಎನ್‌ಎಸ್ ಅಥವಾ ಹೋಸ್ಟಿಂಗ್ ಬದಲಾದಾಗ ಅದು ಸದ್ದಿಲ್ಲದೆ ನಿಂತುಹೋಗಬಹುದು. ಆಮೇಲೆ ಒಂದು ದಿನ ಬಂದವರಿಗೆಲ್ಲ ಸೈಟ್ ಬದಲು "ಇದು ಸುರಕ್ಷಿತವಲ್ಲ" ಅನ್ನುವ ಪರದೆ ಕಾಣುತ್ತದೆ. ಸಂಪರ್ಕ ಫಾರ್ಮ್ ಕೂಡ ಹೀಗೆಯೇ. "ಕಳುಹಿಸಲಾಗಿದೆ" ಅಂತ ತೋರಿಸಿ, ಮೇಲ್ ಮಾತ್ರ ಸ್ಪ್ಯಾಮ್‌ಗೆ ಹೋಗಿ ಬಿದ್ದಿರುತ್ತದೆ. ತಿಂಗಳಿಗೊಮ್ಮೆ ನೀವೇ ಒಂದು ಫಾರ್ಮ್ ತುಂಬಿ, ಅದು ಕ್ಲಿನಿಕ್‌ಗೆ ತಲುಪಿತಾ ಅಂತ ಅಲ್ಲಿಯವರನ್ನೇ ಕೇಳಬೇಕು.

ಬದಲಾವಣೆ ಕೆಲಸ ಎಂದರೆ ಈಗಾಗಲೇ ಇರುವುದನ್ನು ತಿದ್ದುವುದು. ಸಮಯ, ಫೋಟೋ, ಬರಹ, ವೈದ್ಯರ ಹೆಸರು, ನಿಮ್ಮ ತಪ್ಪಿಲ್ಲದೆ ಕೆಟ್ಟದ್ದನ್ನು ಸರಿಮಾಡುವುದು ಎಲ್ಲ ಇಲ್ಲಿ ಬರುತ್ತವೆ. ಹೊಸ ಕೆಲಸ ಎಂದರೆ ಸೈಟ್‌ನಲ್ಲಿ ಇಲ್ಲದ್ದನ್ನು ತರುವುದು. ಇದು ರಿಟೇನರ್‌ನ ಹೊರಗೆ.

ಇಷ್ಟು ಬಿಡಿಸಿಟ್ಟದ್ದಕ್ಕೆ ಕಾರಣವಿದೆ. ಕಾವಲು ಮತ್ತು ಬದಲಾವಣೆಯನ್ನು ಒಂದೇ ಗಂಟೆಯ ಡಬ್ಬಿಗೆ ಹಾಕಿದರೆ, ಕ್ಲೈಂಟ್ ಏನೂ ಕೇಳದ ತಿಂಗಳಲ್ಲಿ "ಈ ತಿಂಗಳು ಏನೂ ಮಾಡಿಸಲಿಲ್ಲವಲ್ಲ, ದುಡ್ಡು ಯಾಕೆ?" ಅನ್ನುವ ಪ್ರಶ್ನೆ ಬರುತ್ತದೆ. ಬೇರೆ ಬೇರೆ ಇಟ್ಟಿದ್ದರೆ ಆ ಪ್ರಶ್ನೆಗೆ ಉತ್ತರ ವರದಿಯಲ್ಲೇ ಇರುತ್ತದೆ.

## ಹಂತ 3: ಮಿತಿಗಳನ್ನು ಬರೆಯಿರಿ

ಗಂಟೆಯ ಮಿತಿ ಒಂದನ್ನೇ ಹಾಕಿ ನಿಲ್ಲಿಸುವುದು ಇಲ್ಲಿನ ಮಾಮೂಲಿ ತಪ್ಪು. ಗಂಟೆಯಷ್ಟೇ ಮುಖ್ಯವಾದ ಮಿತಿಗಳು ಇನ್ನೂ ಇವೆ.

ತಿಂಗಳ ಗಂಟೆ. ಕ್ಲಿನಿಕ್‌ನ ಸರಾಸರಿ 3 ಗಂಟೆ. ಏರಿಳಿತಕ್ಕೆ ಒಂದು ಗಂಟೆ ಸೇರಿಸಿ, ಬದಲಾವಣೆ ಕೆಲಸಕ್ಕೆ 4 ಗಂಟೆ ಇಡಿ. ಸರಾಸರಿಗೆ ಸರಿಯಾಗಿ ಇಟ್ಟರೆ ಹೆಚ್ಚುಕಡಿಮೆ ಎರಡು ತಿಂಗಳಿಗೊಮ್ಮೆ ಮಿತಿ ಮೀರಿ, ಪ್ರತಿ ಸಲವೂ ಚೌಕಾಸಿ ಆಗುತ್ತದೆ.

ಒಂದು ಕೋರಿಕೆಯ ಗಾತ್ರ. ಇದೇ ನಿಮ್ಮನ್ನು ಕಾಯುವ ಮಿತಿ. "2 ಗಂಟೆಗಿಂತ ಜಾಸ್ತಿ ಹಿಡಿಯುವ ಯಾವುದೇ ಕೆಲಸ ಹೊಸ ಕೆಲಸ" ಅಂತ ಬರೆಯಿರಿ. ಆಗ ಅಪಾಯಿಂಟ್‌ಮೆಂಟ್ ವ್ಯವಸ್ಥೆ "ಸಣ್ಣ ಬದಲಾವಣೆ" ಅನ್ನುವ ಹೆಸರಲ್ಲಿ ಒಳಗೆ ಬರಲಾರದು. ಹೊಸದೋ ಹಳೆಯದೋ ಅಂತ ವಾದ ಮಾಡುವುದಕ್ಕಿಂತ ಗಂಟೆ ಹೇಳುವುದು ಸುಲಭ.

ಉತ್ತರ ಮತ್ತು ಮುಗಿಸುವ ಸಮಯ. ಎರಡೂ ಬೇರೆ ಬೇರೆ. ಒಂದು ಕೆಲಸದ ದಿನದೊಳಗೆ ಉತ್ತರ, ಮೂರು ಕೆಲಸದ ದಿನದೊಳಗೆ ಬದಲಾವಣೆ ಅಂತ ಇಡಬಹುದು. ತುರ್ತು ಅಂದರೆ ಏನು ಅಂತಲೂ ಹೇಳಿ: ಸೈಟ್ ತೆರೆಯುತ್ತಿಲ್ಲ, ಫಾರ್ಮ್ ಬರುತ್ತಿಲ್ಲ, ಸೈಟ್ ಹ್ಯಾಕ್ ಆಗಿದೆ. ಈ ಮೂರನ್ನು ಬಿಟ್ಟು ಉಳಿದದ್ದು ತುರ್ತಲ್ಲ. ರಾತ್ರಿ ಮತ್ತು ರಜೆಯ ದಿನ ಎದ್ದು ನೋಡುವುದಾದರೆ ಅದಕ್ಕೆ ಬೇರೆ ಬೆಲೆ ಇರಬೇಕು. ಇಲ್ಲದಿದ್ದರೆ ಆ ಮಾತನ್ನು ಕೊಡಲೇಬೇಡಿ.

ಯಾರು, ಎಲ್ಲಿಂದ. ಕ್ಲಿನಿಕ್‌ನ ಒಬ್ಬರೇ ವ್ಯಕ್ತಿ, ಒಂದೇ ಮೇಲ್ ವಿಳಾಸಕ್ಕೆ ಕೋರಿಕೆ ಕಳಿಸಬೇಕು. ರಿಸೆಪ್ಷನ್‌ನವರು ಒಂದು ಹೇಳಿ, ಡಾಕ್ಟರ್ ಇನ್ನೊಂದು ಹೇಳಿದರೆ ಒಂದೇ ಕೆಲಸಕ್ಕೆ ಎರಡು ಸಲ ಗಂಟೆ ಹೋಗುತ್ತದೆ.

ಉಳಿದ ಗಂಟೆ ಮುಂದಿನ ತಿಂಗಳಿಗೆ ಹೋಗುತ್ತದಾ? ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೋಗಬಾರದು. ತೀರಾ ಒತ್ತಾಯ ಬಂದರೆ ಅರ್ಧದಷ್ಟು, ಅದೂ ಒಂದೇ ತಿಂಗಳಿಗೆ. ಹಾಗೇ ಕೂಡಿಡಲು ಬಿಟ್ಟರೆ ಐದು ತಿಂಗಳ 20 ಗಂಟೆಯನ್ನು ಒಂದೇ ವಾರದಲ್ಲಿ ಕೇಳುತ್ತಾರೆ, ಆ ವಾರ ನಿಮ್ಮ ಕೈಯಲ್ಲಿ ಬೇರೆ ಪ್ರಾಜೆಕ್ಟ್ ಇರುತ್ತದೆ.

## ಹಂತ 4: ಬೆಲೆ ಲೆಕ್ಕ ಹಾಕಿ

ಪ್ರಾಜೆಕ್ಟ್‌ನ ಮೊತ್ತವನ್ನು ಹನ್ನೆರಡರಿಂದ ಭಾಗಿಸುವವರಿದ್ದಾರೆ. ಸೈಟ್ ಕಟ್ಟಲು ಹಿಡಿದ ಹೊತ್ತಿಗೂ ಅದನ್ನು ಕಾಯಲು ಹಿಡಿಯುವ ಹೊತ್ತಿಗೂ ಸಂಬಂಧವಿಲ್ಲ, ಅಲ್ವಾ? ಲೆಕ್ಕ ಇಷ್ಟೇ:

```
ತಿಂಗಳ ಶುಲ್ಕ = (ಕಾವಲು + ಬದಲಾವಣೆ + ಮಾತುಕತೆ ಗಂಟೆಗಳು) × ಗಂಟೆಯ ದರ
ಕ್ಲಿನಿಕ್    = (2.5 + 4 + 1.5) × ಗಂಟೆಯ ದರ
           = 8 × ಗಂಟೆಯ ದರ
```

ಕಾವಲಿನ ಎರಡೂವರೆ ಗಂಟೆ ಹೀಗೆ ಬರುತ್ತದೆ: ಅಪ್‌ಡೇಟ್‌ಗೆ ಒಂದು ಗಂಟೆ, ಬ್ಯಾಕಪ್ ಪರೀಕ್ಷೆಗೆ ಅರ್ಧ, ಫಾರ್ಮ್ ಮತ್ತು ಮೊಬೈಲ್‌ನಲ್ಲಿ ಪುಟಗಳನ್ನು ನೋಡಲು ಅರ್ಧ, ವರದಿಗೆ ಅರ್ಧ. ಮಾತುಕತೆಯ ಒಂದೂವರೆ ಗಂಟೆಯಲ್ಲಿ ಮೇಲ್ ಓದುವುದು, "ಯಾವ ಫೋಟೋ ಹೇಳಿ?" ಅಂತ ಕೇಳುವುದು, ಇನ್ವಾಯ್ಸ್ ಕಳಿಸುವುದು ಸೇರಿವೆ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ ತಿಂಗಳ ಕೊನೆಯಲ್ಲಿ "ಇಷ್ಟೆಲ್ಲ ಮಾಡಿದೆ, ಹೊತ್ತು ಎಲ್ಲಿ ಹೋಯಿತು?" ಅಂತ ಅನಿಸುತ್ತದೆ.

"ಹೇಗೂ ಎಲ್ಲಾ ಗಂಟೆ ಬಳಸಲ್ಲ" ಅಂದುಕೊಂಡು ದರ ಇಳಿಸಬೇಡಿ. ನೀವು ಮಾರುತ್ತಿರುವುದು ಕಾದಿಟ್ಟ ಹೊತ್ತನ್ನು. ಅವರು ಬಳಸದಿದ್ದರೂ ಅದನ್ನು ಬೇರೆಯವರಿಗೆ ಮಾರಲು ಆಗುವುದಿಲ್ಲ.

ಇಲ್ಲೇ ಇನ್ನೊಂದು ಲೆಕ್ಕ ಮಾಡಿಬಿಡಿ. ದುಡ್ಡು ತರುವ ಕೆಲಸಕ್ಕೆ ನಿಮಗೆ ತಿಂಗಳಿಗೆ 100 ಗಂಟೆ ಸಿಗುತ್ತದೆ ಅಂತಾದರೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಿಟೇನರ್‌ಗೆ ಕೊಡಬೇಡಿ. ತಲಾ 8 ಗಂಟೆಯಂತೆ ಆರು ಕ್ಲೈಂಟ್. ಏಳನೆಯವರು ಬಂದರೆ ಕಾಯಲು ಹೇಳಿ.

ಹೋಸ್ಟಿಂಗ್, ಡೊಮೇನ್, ಪ್ಲಗಿನ್ ಲೈಸೆನ್ಸ್‌ಗಳನ್ನು ಈ ಶುಲ್ಕಕ್ಕೆ ಸೇರಿಸಬೇಡಿ. ಅವು ಕ್ಲೈಂಟ್‌ನ ಹೆಸರಲ್ಲಿ, ಕ್ಲೈಂಟ್‌ನ ಕಾರ್ಡ್‌ನಲ್ಲಿ ಇರಲಿ. ನಿಮ್ಮ ಹೆಸರಲ್ಲಿದ್ದರೆ ರಿಟೇನರ್ ನಿಲ್ಲುವ ದಿನ ಜಗಳ ಗ್ಯಾರಂಟಿ.

## ಹಂತ 5: ಸರಿಯಾದ ಹೊತ್ತಿಗೆ ಹೇಳಿ

ಕೊನೆಯ ಕಂತು ಬಂದ ಮೇಲೆ ಹೇಳಿದರೆ, ಮುಗಿದ ಲೆಕ್ಕಕ್ಕೆ ಮತ್ತೆ ಖರ್ಚು ತಂದರು ಅಂತ ಕ್ಲೈಂಟ್‌ಗೆ ಅನಿಸುತ್ತದೆ. ಮೊದಲ ಕೊಟೇಶನ್‌ನಲ್ಲೇ ಒಂದು ಸಾಲು ಇರಲಿ: "ಸೈಟ್ ಕೊಟ್ಟ ಮೇಲೆ 30 ದಿನ ದೋಷಗಳನ್ನು ಉಚಿತವಾಗಿ ಸರಿಪಡಿಸುತ್ತೇವೆ. ನಂತರದ ನಿರ್ವಹಣೆ ಬೇರೆ." ದೋಷ ಅಂದರೆ ಒಪ್ಪಿದ್ದು ಕೆಲಸ ಮಾಡದಿರುವುದು. ಫೋಟೋ ಇಷ್ಟವಾಗದಿರುವುದು ದೋಷವಲ್ಲ. ಇದನ್ನೂ ಬರೆಯಿರಿ.

ಡೆಲಿವರಿಗೆ ಎರಡು ವಾರ ಇರುವಾಗ ವಿವರವಾಗಿ ಮಾತನಾಡಿ. ಆ ಹೊತ್ತಿಗೆ ಕ್ಲೈಂಟ್ "ಇದನ್ನು ಆಮೇಲೆ ಯಾರು ಬದಲಾಯಿಸೋದು?" ಅಂತ ಕೇಳಲು ಶುರು ಮಾಡಿರುತ್ತಾರೆ. ಆಗ ಮೂರು ದಾರಿ ಮುಂದಿಡಿ. ಕೆಳಗಿನ ಮಾದರಿ ನೋಡಿ:

> ನಮಸ್ಕಾರ ಡಾಕ್ಟರ್,
>
> ಸೈಟ್ ಮುಂದಿನ ವಾರದ ಕೊನೆಗೆ ಸಿದ್ಧವಾಗುತ್ತದೆ. ಅದಾದ ಮೇಲೆ ನಿರ್ವಹಣೆಗೆ ಮೂರು ದಾರಿ ಇವೆ.
>
> ಒಂದು, ನಿಮ್ಮ ಸಿಬ್ಬಂದಿಯೇ ನೋಡಿಕೊಳ್ಳಬಹುದು. ಬೇಕಾದ ಸೂಚನೆಗಳನ್ನು ಬರೆದುಕೊಟ್ಟು, ಒಮ್ಮೆ ತೋರಿಸಿಕೊಡುತ್ತೇನೆ.
>
> ಎರಡು, ಬೇಕಾದಾಗ ಮಾತ್ರ ಕರೆಯಬಹುದು. ಇದಕ್ಕೆ ಗಂಟೆಯ ದರ ಸ್ವಲ್ಪ ಜಾಸ್ತಿ, ನನ್ನ ಬಿಡುವು ನೋಡಿ ಕೆಲಸ ಆಗುತ್ತದೆ.
>
> ಮೂರು, ತಿಂಗಳ ಪ್ಯಾಕೇಜ್. ಅಪ್‌ಡೇಟ್, ಬ್ಯಾಕಪ್, ಫಾರ್ಮ್ ಪರೀಕ್ಷೆ ನೀವು ಕೇಳದೆಯೇ ಆಗುತ್ತವೆ. ಜೊತೆಗೆ 4 ಗಂಟೆಯಷ್ಟು ಬದಲಾವಣೆ, ಮೂರು ಕೆಲಸದ ದಿನದೊಳಗೆ.
>
> ಯಾವುದು ನಿಮಗೆ ಸರಿ ಅಂತ ತಿಳಿಸಿದರೆ ಅದರಂತೆ ವ್ಯವಸ್ಥೆ ಮಾಡುತ್ತೇನೆ.

ಎರಡನೇ ದಾರಿಯನ್ನು ಬಿಡಬೇಡಿ. ಅದಿಲ್ಲದಿದ್ದರೆ ಕ್ಲೈಂಟ್‌ಗೆ "ತಿಂಗಳು ತಿಂಗಳು ಕೊಡಬೇಕು, ಇಲ್ಲಾಂದ್ರೆ ಕೈಬಿಡ್ತಾರೆ" ಅನ್ನುವ ಭಾವನೆ ಬರುತ್ತದೆ. ಆದರೆ ಎರಡನೆಯದರ ದರ ಮೂರನೆಯದಕ್ಕಿಂತ ಜಾಸ್ತಿ ಇರಲೇಬೇಕು. ಎರಡೂ ಒಂದೇ ದರವಾದರೆ ಪ್ಯಾಕೇಜ್ ತೆಗೆದುಕೊಳ್ಳಲು ಕಾರಣವೇ ಉಳಿಯುವುದಿಲ್ಲ.

## ಹಂತ 6: ಒಂದು ಪುಟದ ಒಪ್ಪಂದ

ಹತ್ತು ಪುಟದ ಒಪ್ಪಂದವನ್ನು ಯಾರೂ ಓದುವುದಿಲ್ಲ, ಓದದ್ದನ್ನು ಆಮೇಲೆ ತೋರಿಸಿದರೆ ಬೇಜಾರಾಗುತ್ತಾರೆ. ಹಂತ 2 ಮತ್ತು 3ರಲ್ಲಿ ಬರೆದದ್ದನ್ನೇ ಒಂದು ಪುಟಕ್ಕೆ ಇಳಿಸಿ. ಅದಕ್ಕೆ ಈ ಸಾಲುಗಳು ಸೇರಲಿ:

> ಶುಲ್ಕವನ್ನು ತಿಂಗಳು ಶುರುವಾಗುವ ಮೊದಲೇ ಪಾವತಿಸಬೇಕು. ಏಳು ದಿನ ತಡವಾದರೆ ಬದಲಾವಣೆ ಕೆಲಸ ನಿಲ್ಲುತ್ತದೆ, ಕಾವಲು ಕೆಲಸ ಆ ತಿಂಗಳ ಕೊನೆಯವರೆಗೆ ನಡೆಯುತ್ತದೆ.
>
> ಗಂಟೆಗಳು ಮುಗಿಯುವ ಮೊದಲೇ ತಿಳಿಸಲಾಗುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಹೆಚ್ಚುವರಿ ಬಿಲ್ ಬರುವುದಿಲ್ಲ.
>
> ಮೊದಲ ಅವಧಿ ಮೂರು ತಿಂಗಳು. ಅದರ ಕೊನೆಯಲ್ಲಿ ಇಬ್ಬರೂ ಕೂತು ಮಿತಿಗಳನ್ನು ಪರಿಶೀಲಿಸುತ್ತೇವೆ. ನಂತರ ಯಾರು ಬೇಕಾದರೂ 30 ದಿನ ಮುಂಚೆ ತಿಳಿಸಿ ನಿಲ್ಲಿಸಬಹುದು.

ತಡವಾದಾಗ ಕಾವಲು ಕೆಲಸವನ್ನೂ ತಕ್ಷಣ ನಿಲ್ಲಿಸಬೇಡಿ. ಆ ವಾರವೇ ಸೈಟ್ ಹ್ಯಾಕ್ ಆದರೆ ಬಾಕಿಯ ಮಾತು ಬಿಟ್ಟು ನಿಮ್ಮ ಮೇಲಿನ ದೂರು ಮುಂದೆ ಬರುತ್ತದೆ.

## ಹಂತ 7: ಮೊದಲ ಮೂರು ತಿಂಗಳು ನಡೆಸುವುದು

ಮೊದಲ ದಿನವೇ ಲಾಗಿನ್‌ಗಳನ್ನು ಪಡೆದು, ಡೊಮೇನ್ ಮುಗಿಯುವ ದಿನಾಂಕ ಬರೆದಿಟ್ಟು, ಪೂರ್ತಿ ಬ್ಯಾಕಪ್ ತೆಗೆಯಿರಿ. ಇನ್ನು ಮೇಲೆ ಹತ್ತು ನಿಮಿಷದ ಕೆಲಸವನ್ನೂ ಬರೆಯಿರಿ. "ಇದೇನ್ ಮಹಾ, ಸುಮ್ನೆ ಮಾಡಿಕೊಟ್ಟೆ" ಅಂತ ಬಿಟ್ಟ ಕೆಲಸ ಮುಂದಿನ ತಿಂಗಳು ಹಕ್ಕಾಗುತ್ತದೆ. ಉಚಿತವಾಗಿ ಕೊಡುವ ಮನಸ್ಸಿದ್ದರೂ ಲೆಕ್ಕದಲ್ಲಿ "10 ನಿಮಿಷ, ಶುಲ್ಕವಿಲ್ಲ" ಅಂತ ಕಾಣಲಿ.

ತಿಂಗಳ ಕೊನೆಗೆ ಅರ್ಧ ಪುಟದ ವರದಿ ಕಳಿಸಿ. ಕ್ಲಿನಿಕ್‌ನ ಎರಡನೇ ತಿಂಗಳ ವರದಿ ಹೀಗಿರಬಹುದು:

> ಕಾವಲು: ಆರು ಪ್ಲಗಿನ್ ಅಪ್‌ಡೇಟ್ ಆದವು. ಒಂದರಿಂದ ಗ್ಯಾಲರಿ ಕೆಡುತ್ತಿದ್ದದ್ದು ನಕಲು ಸೈಟ್‌ನಲ್ಲೇ ಗೊತ್ತಾಯಿತು, ಅದನ್ನು ಸದ್ಯ ತಡೆಹಿಡಿದಿದ್ದೇವೆ. ಬ್ಯಾಕಪ್ ಬಿಚ್ಚಿ ನೋಡಿದ್ದೇವೆ, ಸರಿ ಇದೆ. ಫಾರ್ಮ್ ನಿಮಗೆ ತಲುಪುತ್ತಿದೆ.
>
> ಬದಲಾವಣೆ: ರಜೆಯ ಸೂಚನೆ, ಹೊಸ ವೈದ್ಯರ ಫೋಟೋ, ಶುಲ್ಕದ ಪುಟ. 4ರಲ್ಲಿ 2 ಗಂಟೆ ಬಳಕೆಯಾಗಿದೆ.

ಗ್ಯಾಲರಿಯ ಆ ಒಂದು ಸಾಲಿಗೆ ಬೆಲೆ ಜಾಸ್ತಿ. ಕ್ಲೈಂಟ್ ಕಣ್ಣಿಗೆ ಬೀಳದೇ ತಪ್ಪಿಹೋದ ತೊಂದರೆಯನ್ನು ನೀವು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಮೂರನೇ ತಿಂಗಳು ಡಾಕ್ಟರ್ ಕೇಳುತ್ತಾರೆ: "ಆನ್‌ಲೈನ್ ಅಪಾಯಿಂಟ್‌ಮೆಂಟ್ ಒಂದು ಸೇರಿಸಿಬಿಡಿ, ಹೇಗೂ ಎರಡು ಗಂಟೆ ಉಳಿದಿದೆಯಲ್ಲ." ಇಲ್ಲಿ "ಆಗಲ್ಲ" ಅನ್ನುವ ಪದ ಬೇಡ, "ನೋಡೋಣ" ಅನ್ನುವುದಂತೂ ಬೇಡವೇ ಬೇಡ. ಹೀಗೆ ಬರೆಯಿರಿ:

> ಖಂಡಿತ ಮಾಡಬಹುದು ಡಾಕ್ಟರ್. ಇದಕ್ಕೆ ಸುಮಾರು 18 ಗಂಟೆ ಬೇಕು, ಹಾಗಾಗಿ ಇದು ಪ್ಯಾಕೇಜ್‌ನ ಹೊರಗಿನ ಹೊಸ ಕೆಲಸ. ಬೇರೆ ಕೊಟೇಶನ್ ನಾಳೆ ಕಳಿಸುತ್ತೇನೆ. ಅಲ್ಲಿಯವರೆಗೆ, ಫಾರ್ಮ್‌ನಲ್ಲಿ "ನಿಮಗೆ ಅನುಕೂಲವಾದ ದಿನ" ಅಂತ ಒಂದು ಜಾಗ ಸೇರಿಸಬಹುದು. ಅರ್ಧ ಗಂಟೆಯ ಕೆಲಸ, ಈ ತಿಂಗಳ ಗಂಟೆಯಲ್ಲೇ ಆಗುತ್ತದೆ. ಮಾಡಲಾ?

ಗಂಟೆ ಹೇಳಿದ್ದೀರಿ, ಯಾವ ಗುಂಪು ಅಂತ ಹೇಳಿದ್ದೀರಿ, ಮಿತಿಯೊಳಗೆ ಆಗುವುದನ್ನೂ ಕೊಟ್ಟಿದ್ದೀರಿ. ಹೊಸ ಪ್ರಾಜೆಕ್ಟ್‌ಗಳು ಬರುವ ದಾರಿಯೂ ಇದೇ. ಸಣ್ಣ ಕೋರಿಕೆಗಳಿಂದಲೇ 4 ಗಂಟೆ ಮುಗಿದಿದ್ದರೆ ಆಯ್ಕೆ ಬೇರೆ: ಮುಂದಿನ ತಿಂಗಳಿಗೆ ಇಡುವುದು, ಹೆಚ್ಚುವರಿ ಗಂಟೆ ಕೊಳ್ಳುವುದು, ಅಥವಾ ಪಟ್ಟಿಯಲ್ಲಿರುವ ಇನ್ನೊಂದನ್ನು ಬಿಡುವುದು. ಇದನ್ನು 3 ಗಂಟೆ ಆದಾಗಲೇ ಹೇಳಿ. ಮುಗಿದ ಮೇಲೆ ಹೇಳಿದರೆ ಕ್ಲೈಂಟ್‌ಗೆ ಆಯ್ಕೆಯೇ ಇರುವುದಿಲ್ಲ.

## ಹಂತ 8: ಕೆಡುತ್ತಿದೆ ಅಂತ ಗೊತ್ತಾಗುವುದು ಹೇಗೆ

ಸತತ ಎರಡು ತಿಂಗಳು ಗಂಟೆ ಪೂರ್ತಿ ಮುಗಿದರೆ ಪ್ಯಾಕೇಜ್ ಚಿಕ್ಕದಾಗಿದೆ. ಪರಿಶೀಲನೆಯ ದಿನ ಲೆಕ್ಕ ಮುಂದಿಟ್ಟು 6 ಗಂಟೆಯ ಪ್ಯಾಕೇಜ್‌ಗೆ ಏರಿಸಿ.

ಇದಕ್ಕೆ ಉಲ್ಟಾ, ಮೂರು ತಿಂಗಳು ಬದಲಾವಣೆ ಗಂಟೆ ಒಂದನ್ನೂ ಮುಟ್ಟದಿದ್ದರೆ ಖುಷಿಪಡಬೇಡಿ. ಆ ಕ್ಲೈಂಟ್ ಯಾವುದೋ ಒಂದು ತಿಂಗಳು ಲೆಕ್ಕಪುಸ್ತಕ ನೋಡುವಾಗ ನಿಮ್ಮ ಸಾಲನ್ನು ಹೊಡೆದುಹಾಕುತ್ತಾರೆ. ಅದಕ್ಕೆ ಮೊದಲೇ ನೀವೇ ಕಾವಲು ಮಾತ್ರದ ಸಣ್ಣ ಪ್ಯಾಕೇಜ್‌ಗೆ ಇಳಿಸಿ. ಶುಲ್ಕ ಕಡಿಮೆಯಾಗುತ್ತದೆ, ಕ್ಲೈಂಟ್ ಉಳಿಯುತ್ತಾರೆ.

ಮೇಲ್ ಬಿಟ್ಟು ಫೋನ್‌ನಲ್ಲಿ ಕೋರಿಕೆ ಬರತೊಡಗುವುದು ಮೂರನೇ ಗುರುತು. ಮಾತನಾಡಿ, ಬೇಡ ಅನ್ನಬೇಡಿ. ಆದರೆ ಕರೆ ಮುಗಿದ ತಕ್ಷಣ "ನೀವು ಹೇಳಿದ್ದು ಇದು, ಇಷ್ಟು ಹೊತ್ತು ಹಿಡಿಯುತ್ತದೆ, ಸರಿನಾ?" ಅಂತ ನೀವೇ ಮೇಲ್ ಹಾಕಿ, ಅದಕ್ಕೆ ಹೂಂ ಅಂದ ಮೇಲೆ ಶುರು ಮಾಡಿ. ನಾಲ್ಕೈದು ಸಲ ಹೀಗಾದರೆ ಅವರೇ ಮೇಲ್‌ಗೆ ಬರುತ್ತಾರೆ.

## ಹಂತ 9: ನಿಲ್ಲಿಸುವ ದಿನ

ಕ್ಲೈಂಟ್ ನಿಲ್ಲಿಸುತ್ತೇನೆ ಅಂದರೆ, ಆ 30 ದಿನದಲ್ಲಿ ಹೊಸ ಬದಲಾವಣೆಗಿಂತ ಹಸ್ತಾಂತರಕ್ಕೆ ಗಂಟೆ ಇಡಿ. ಕೊನೆಯ ಬ್ಯಾಕಪ್, ಲಾಗಿನ್‌ಗಳ ಪಟ್ಟಿ, ಲೈಸೆನ್ಸ್ ಮುಗಿಯುವ ದಿನಾಂಕಗಳು, ತಡೆಹಿಡಿದ ಅಪ್‌ಡೇಟ್‌ಗಳ ಟಿಪ್ಪಣಿ ಇಷ್ಟನ್ನು ಕೊಟ್ಟು, ತಲುಪಿತು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಆಮೇಲೆ ನಿಮ್ಮ ಅಡ್ಮಿನ್ ಖಾತೆಯನ್ನು ತೆಗೆಸಿ. ಅದು ಹಾಗೇ ಉಳಿದರೆ ಆರು ತಿಂಗಳ ನಂತರ ಸೈಟ್‌ಗೆ ಏನಾದರೂ ಆದಾಗ ಮೊದಲ ಫೋನ್ ನಿಮಗೇ ಬರುತ್ತದೆ.